200 ಮತ್ತು 400 ಮೀಟರ್ ಈಜಿನಿಂದ ತರಬೇತಿಯ ಪೇಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಬೆಳಗ್ಗೆ ಈಜುವ ನಮ್ಮ ಗುಂಪಿನಲ್ಲಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಕಡೆಯಿಂದ ಬಂದವರೇ ಜಾಸ್ತಿ. ಕೆಲವರು ಗೋವಾದ ಟ್ರಯಥ್ಲಾನ್‌ಗೆ ತಯಾರಾಗುತ್ತಿದ್ದಾರೆ, ಕೆಲವರು ಆರೋಗ್ಯಕ್ಕಾಗಿ ಬರುತ್ತಾರೆ. ಇಬ್ಬರದೂ ಒಂದೇ ಪ್ರಶ್ನೆ: ಎಷ್ಟು ವೇಗದಲ್ಲಿ ಅಭ್ಯಾಸ ಮಾಡಬೇಕು? ಅದಕ್ಕೆ ನಾವು ಬಳಸುವ ಅಳತೆ ಕ್ರಿಟಿಕಲ್ ಸ್ವಿಮ್ ಸ್ಪೀಡ್, ಅಂದರೆ ಸಿಎಸ್‌ಎಸ್. ಈ ಬಗ್ಗೆ ಗುಂಪಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸಿಎಸ್‌ಎಸ್ ಅಂದರೆ ಏನು?

ತುಂಬಾ ಹೊತ್ತು ಕೈಕಾಲು ಸೋಲದೆ ಹಿಡಿದಿಟ್ಟುಕೊಳ್ಳಬಹುದಾದ ವೇಗದ ಮೇಲಿನ ಗಡಿ. ಅದಕ್ಕಿಂತ ಸ್ವಲ್ಪ ನಿಧಾನ ಈಜಿದರೆ ಉಸಿರಾಟ ಒಂದು ಹದಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ವೇಗವಾಗಿ ಈಜಿದರೆ ಪ್ರತಿ ಲ್ಯಾಪ್‌ಗೂ ದಣಿವು ಏರುತ್ತಲೇ ಹೋಗುತ್ತದೆ, ಎಲ್ಲೋ ಒಂದು ಕಡೆ ನಿಲ್ಲಲೇಬೇಕಾಗುತ್ತದೆ.

ಈ ಯೋಚನೆ ಮೊದಲು ಬಂದದ್ದು ಈಜಿನಲ್ಲಲ್ಲ. ಸ್ನಾಯುಗಳು ಎಷ್ಟು ಕೆಲಸವನ್ನು ಎಷ್ಟು ಹೊತ್ತು ಮಾಡಬಲ್ಲವು ಎಂದು ಮೊನೊ ಮತ್ತು ಶೆರೆರ್ ಎಂಬ ಫ್ರೆಂಚ್ ವಿಜ್ಞಾನಿಗಳು 1965ರಲ್ಲಿ ಬರೆದರು. 1992ರಲ್ಲಿ ಜಪಾನಿನ ವಕಯೋಶಿ ಮತ್ತು ಸಂಗಡಿಗರು ಅದನ್ನು ಈಜಿಗೆ ತಂದರು. ಪ್ರಯೋಗಾಲಯ ಬೇಡ, 200 ಮತ್ತು 400 ಮೀಟರ್ ಈಜಿನ ಸಮಯ ಸಾಕು ಎಂದು ತೋರಿಸಿದವರೂ ಅವರೇ.

ಲೆಕ್ಕ ಹೇಗೆ?

400 ಮೀಟರನ್ನು ಪೂರ್ತಿ ಶಕ್ತಿ ಹಾಕಿ ಈಜಿ. 200 ಮೀಟರನ್ನೂ ಹಾಗೆಯೇ ಈಜಿ. ಎರಡೂ ಸಮಯವನ್ನು ಸೆಕೆಂಡಿಗೆ ತನ್ನಿ. ದೊಡ್ಡದರಿಂದ ಚಿಕ್ಕದನ್ನು ಕಳೆದು ಎರಡರಿಂದ ಭಾಗಿಸಿದರೆ 100 ಮೀಟರಿಗೆ ನಿಮ್ಮ ಸಿಎಸ್‌ಎಸ್ ಪೇಸ್ ಸಿಗುತ್ತದೆ.

ನಮ್ಮ ಗುಂಪಿನಲ್ಲಿ ಧಾರವಾಡದ ಒಬ್ಬ ಅಕ್ಕ ಇದ್ದಾರೆ, ಗೋವಾಕ್ಕೆ ತಯಾರಾಗುತ್ತಿದ್ದಾರೆ. 25 ಮೀಟರ್ ಕೊಳದಲ್ಲಿ ಅವರ 400 ಮೀಟರ್ ಸಮಯ 7:40, ಅಂದರೆ 460 ಸೆಕೆಂಡು. 200 ಮೀಟರ್ 3:36, ಅಂದರೆ 216 ಸೆಕೆಂಡು. ವ್ಯತ್ಯಾಸ 244. ಅದರ ಅರ್ಧ 122. ಅವರ ಸಿಎಸ್‌ಎಸ್ 100 ಮೀಟರಿಗೆ 2:02.

ಹಾಳೆಯಲ್ಲಿ ಬರೆದಿಡುವ ಬದಲು ಸ್ಪ್ರೆಡ್‌ಶೀಟ್‌ನಲ್ಲಿ ಇಡುವವರು B1ರಲ್ಲಿ 400ರ ಸಮಯವನ್ನು 0:07:40 ಎಂದೂ, B2ರಲ್ಲಿ 200ರ ಸಮಯವನ್ನು 0:03:36 ಎಂದೂ ಹಾಕಿ. ಮೊದಲಿನ ಸೊನ್ನೆ ಬಿಟ್ಟರೆ ಅದು ನಿಮಿಷವನ್ನು ಗಂಟೆ ಎಂದು ಓದುತ್ತದೆ. ಆಮೇಲೆ:

```
=(B1-B2)/2
```

ಕೊಳದ ಅಂಚಿನಲ್ಲಿ ನಿಂತು ಬಾಯಿಲೆಕ್ಕ ಮಾಡಲು ಇನ್ನೂ ಸುಲಭದ ದಾರಿ ಇದೆ. ಅಕ್ಕನ 200ರಲ್ಲಿ ಸರಾಸರಿ ಪೇಸ್ 1:48. 400ರಲ್ಲಿ 1:55. ನಡುವೆ 7 ಸೆಕೆಂಡು. 1:55ಕ್ಕೆ ಇನ್ನೊಂದು 7 ಸೇರಿಸಿದರೆ 2:02. ಯಾರ ಸಮಯ ತೆಗೆದುಕೊಂಡರೂ ಹೀಗೇ ಬರುತ್ತದೆ: 200ರಿಂದ 400ಕ್ಕೆ ಪೇಸ್ ಎಷ್ಟು ಇಳಿಯಿತೋ, 400ರಿಂದ ಸಿಎಸ್‌ಎಸ್‌ಗೆ ಮತ್ತೆ ಅಷ್ಟೇ ಇಳಿಯುತ್ತದೆ.

ಕಳೆಯುವುದು ಯಾಕೆ? 400ರ ಸರಾಸರಿಯನ್ನೇ ತೆಗೆದುಕೊಂಡರೆ ಆಗಲ್ವಾ?

ಆಗಲ್ಲ. ನಿಮ್ಮ ದೇಹದಲ್ಲಿ ಎರಡು ಬಗೆಯ ಶಕ್ತಿ ಇದೆ ಎಂದುಕೊಳ್ಳಿ. ಒಂದು ತಿಂಗಳ ಸಂಬಳದಂತೆ ತಪ್ಪದೆ ಬರುತ್ತಲೇ ಇರುತ್ತದೆ, ಉಸಿರಾಟದ ಬಲದಿಂದ. ಇನ್ನೊಂದು ಕೂಡಿಟ್ಟ ಹಣದಂತೆ. ಒಂದು ಸಲ ಖರ್ಚಾದರೆ ನಿಲ್ಲದೆ ಅಥವಾ ನಿಧಾನ ಮಾಡದೆ ಮತ್ತೆ ತುಂಬುವುದಿಲ್ಲ. ಪೂರ್ತಿ ದಮ್ಮು ಹಾಕಿ 200 ಈಜಿದಾಗ ಆ ಉಳಿತಾಯ ಎಲ್ಲ ಮುಗಿಯುತ್ತದೆ. 400 ಈಜಿದಾಗಲೂ ಅಷ್ಟೇ ಉಳಿತಾಯ ಮುಗಿಯುತ್ತದೆ, ಹೆಚ್ಚಲ್ಲ. ಎರಡರಲ್ಲೂ ಒಂದೇ ಮೊತ್ತ ಇರುವುದರಿಂದ ಕಳೆದಾಗ ಅದು ಹೊಡೆದುಹೋಗುತ್ತದೆ. ಉಳಿಯುವುದು ಬರೀ ಸಂಬಳದ ಮೇಲೆ ಈಜಿದ 200 ಮೀಟರ್. ಅದರ ವೇಗವೇ ಸಿಎಸ್‌ಎಸ್.

ಆ ಉಳಿತಾಯವನ್ನೂ ಮೀಟರಿನಲ್ಲಿ ಅಳೆಯಬಹುದು. ಅಕ್ಕನ ವೇಗ ಸೆಕೆಂಡಿಗೆ 0.82 ಮೀಟರ್. ಆ ವೇಗದಲ್ಲಿ 460 ಸೆಕೆಂಡು ಈಜಿದ್ದರೆ ಸುಮಾರು 377 ಮೀಟರ್ ಆಗುತ್ತಿತ್ತು. ಅವರು 400 ಮುಗಿಸಿದರು. ಹೆಚ್ಚಿನ 23 ಮೀಟರ್ ಬಂದದ್ದು ಉಳಿತಾಯದಿಂದ.

ಇದು ಯಾಕೆ ಮುಖ್ಯ ಎಂದು ಇನ್ನೊಬ್ಬ ಈಜುಗಾರನನ್ನು ಪಕ್ಕದಲ್ಲಿ ನಿಲ್ಲಿಸಿದರೆ ಗೊತ್ತಾಗುತ್ತದೆ. ಅವನ 400 ಕೂಡ 7:40 ಎಂದಿಟ್ಟುಕೊಳ್ಳಿ. ಆದರೆ ಅವನು ಕಾಲೇಜಿನಲ್ಲಿ ಸ್ಪ್ರಿಂಟ್ ಮಾಡಿದವನು, 200ನ್ನು 3:24ಕ್ಕೆ ಮುಗಿಸುತ್ತಾನೆ. ವ್ಯತ್ಯಾಸ 256, ಸಿಎಸ್‌ಎಸ್ 2:08. ಅವನ ಉಳಿತಾಯ ಸುಮಾರು 40 ಮೀಟರ್. 400ರಲ್ಲಿ ಇಬ್ಬರೂ ಸರಿಸಮ. ಆದರೆ 2:02ರ ಸೆಟ್‌ಗೆ ಇಬ್ಬರನ್ನೂ ಒಂದೇ ಲೇನ್‌ನಲ್ಲಿ ಬಿಟ್ಟರೆ ಅವನು ಅರ್ಧದಲ್ಲೇ ಕುಸಿಯುತ್ತಾನೆ. 400ರ ಸಮಯ ನೋಡಿ ಲೇನ್ ಹಂಚುವವರು ಇದನ್ನು ನೆನಪಿಡಬೇಕು.

ಪರೀಕ್ಷೆ ಮಾಡುವುದು ಹೇಗೆ? ನಮ್ಮ ಬ್ಯಾಚ್ ಬರೀ 45 ನಿಮಿಷ.

45 ನಿಮಿಷ ಸಾಕು. ಹತ್ತು ನಿಮಿಷ ವಾರ್ಮ್ ಅಪ್. ಅದರಲ್ಲಿ ಕೊನೆಗೆ ನಾಲ್ಕೈದು ಸಲ 25 ಮೀಟರ್ ಸ್ವಲ್ಪ ಚುರುಕಾಗಿ ಈಜಿ, ಇಲ್ಲದಿದ್ದರೆ ಮೊದಲ 100 ಮೀಟರ್ ಮೈ ಬಿಸಿ ಮಾಡುವುದರಲ್ಲೇ ಹೋಗುತ್ತದೆ. ಆಮೇಲೆ 400. ನಂತರ ಹತ್ತು ನಿಮಿಷ ಆರಾಮಾಗಿ ಈಜುತ್ತಾ, ನಡುನಡುವೆ ನಿಲ್ಲುತ್ತಾ ಉಸಿರು ಪೂರ್ತಿ ಹದಕ್ಕೆ ಬರಲಿ. ಆಮೇಲೆ 200. ಎಲ್ಲ ಸೇರಿ 35 ನಿಮಿಷದೊಳಗೆ ಮುಗಿಯುತ್ತದೆ.

ಎರಡನ್ನೂ ನೀರಿನಲ್ಲಿ ನಿಂತು ಗೋಡೆ ಒದ್ದು ಶುರು ಮಾಡಿ, ಡೈವ್ ಬೇಡ. ಡೈವ್‌ನಿಂದ ಸಿಗುವ ಒಂದೆರಡು ಸೆಕೆಂಡು ಅಭ್ಯಾಸದ ಸೆಟ್‌ನಲ್ಲಿ ಸಿಗುವುದಿಲ್ಲ. ಒಂದರಲ್ಲಿ ಡೈವ್ ಮಾಡಿ ಇನ್ನೊಂದರಲ್ಲಿ ಬಿಟ್ಟರಂತೂ ಲೆಕ್ಕವೇ ಕೆಡುತ್ತದೆ.

ಸಮಯ ಹಿಡಿಯಲು ಅಂಚಿನಲ್ಲಿ ಒಬ್ಬರು ಸ್ಟಾಪ್‌ವಾಚ್ ಹಿಡಿದು ನಿಲ್ಲಲಿ, ಪ್ರತಿ 100ಕ್ಕೂ ಬರೆದುಕೊಳ್ಳಲಿ. ಕೈಗಡಿಯಾರ ಲ್ಯಾಪ್ ಎಣಿಸುವುದು ಅನುಕೂಲವೇ. ಆದರೆ ತುಂಬಿದ ಲೇನ್‌ನಲ್ಲಿ ಯಾರನ್ನೋ ತಪ್ಪಿಸಲು ನಡುವೆ ನಿಂತರೆ ಅದು ಒಂದು ಲ್ಯಾಪ್ ಜಾಸ್ತಿ ಎಣಿಸಿಬಿಡಬಹುದು. ಆಗ ನೀವು 375 ಮೀಟರಿಗೇ ನಿಲ್ಲುತ್ತೀರಿ.

ಮೇ ತಿಂಗಳಲ್ಲಿ ಪುಣೆ, ಮುಂಬೈ ಎರಡೂ ಕಡೆ ಬೇಸಿಗೆ ಶಿಬಿರದ ಮಕ್ಕಳಿಂದ ಕೊಳ ತುಂಬಿರುತ್ತದೆ. ಖಾಲಿ ಲೇನ್ ಸಿಗದ ದಿನ ಪರೀಕ್ಷೆಯನ್ನೇ ಮಾಡಬೇಡಿ. ಮುಂದಿರುವವರನ್ನು ದಾಟಲು ಎರಡು ಸಲ ನಿಂತರೂ ಆ ಸಂಖ್ಯೆ ಕೆಲಸಕ್ಕೆ ಬಾರದು.

ಮೊದಲು ಯಾವುದು, 400 ಅಥವಾ 200?

ರೂಢಿಯಲ್ಲಿ 400 ಮೊದಲು. ಎರಡನ್ನೂ ಬೇರೆ ಬೇರೆ ದಿನ ಮಾಡಿದರೆ ಇನ್ನೂ ಒಳ್ಳೆಯದು, ನಡುವೆ ಒಂದು ದಿನ ಬಿಟ್ಟು, ಅದೇ ಹೊತ್ತಿಗೆ, ಅದೇ ಕೊಳದಲ್ಲಿ. ಯಾವ ಕ್ರಮ ಹಿಡಿದರೂ ಮುಂದಿನ ಸಲ ಅದನ್ನೇ ಹಿಡಿಯಿರಿ.

ನನ್ನ 200 ಅಷ್ಟು ಚೆನ್ನಾಗಿ ಆಗಲಿಲ್ಲ, ಆದರೂ ಸಿಎಸ್‌ಎಸ್ ಚೆನ್ನಾಗಿ ಬಂತು. ಹೇಗೆ?

200 ಚೆನ್ನಾಗಿ ಆಗದ ಕಾರಣಕ್ಕೇ ಅದು ಚೆನ್ನಾಗಿ ಕಾಣುತ್ತಿದೆ. ಜನ ಜಾಸ್ತಿ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ಸಿಎಸ್‌ಎಸ್ ಎರಡು ಸಮಯಗಳ ವ್ಯತ್ಯಾಸ. 400 ಈಜಿ ಸುಸ್ತಾಗಿದ್ದ ಅಕ್ಕ 200ನ್ನು 3:36ರ ಬದಲು 3:41ಕ್ಕೆ ಮುಗಿಸಿದ್ದರೆ ಏನಾಗುತ್ತಿತ್ತು? ವ್ಯತ್ಯಾಸ 239ಕ್ಕೆ ಇಳಿಯುತ್ತಿತ್ತು, ಪೇಸ್ ಸುಮಾರು 1:59 ಮತ್ತು ಅರ್ಧ ಸೆಕೆಂಡು. ಅಂದರೆ ನಿಧಾನ ಈಜಿದ್ದಕ್ಕೆ ಸಂಖ್ಯೆ ಎರಡೂವರೆ ಸೆಕೆಂಡು ವೇಗವಾಯಿತು. 200ರಲ್ಲಿ ಉಳಿತಾಯ ಪೂರ್ತಿ ಖರ್ಚಾಗಲಿಲ್ಲ, ಲೆಕ್ಕ ಮಾತ್ರ ಖರ್ಚಾಯಿತು ಎಂದೇ ನಂಬಿತು. ಆ ಪೇಸ್ ಇಟ್ಟುಕೊಂಡು ವಾರಗಟ್ಟಲೆ ಅಭ್ಯಾಸ ಮಾಡಿದರೆ ಪ್ರತಿ ಸೆಟ್‌ನ ಕೊನೆಯೂ ಒದ್ದಾಟವೇ.

400ರಲ್ಲಿ ತಪ್ಪಾದರೆ ಉಲ್ಟಾ. ಅಕ್ಕನ 100 ಮೀಟರ್ ಸಮಯಗಳು ಹೀಗಿದ್ದವು: 1:50, 1:55, 1:58, 1:57. ಮೊದಲನೆಯದು ಸ್ವಲ್ಪ ಬೇಗ, ಉಳಿದವು ಹತ್ತಿರ ಹತ್ತಿರ. ಇದು ಒಳ್ಳೆಯ 400. ಅವರೇ ಹುಮ್ಮಸ್ಸಿನಲ್ಲಿ 1:44ಕ್ಕೆ ಶುರು ಮಾಡಿ 1:55, 2:03, 2:04 ಎಂದು ಇಳಿದಿದ್ದರೆ ಒಟ್ಟು 7:46 ಆಗುತ್ತಿತ್ತು. ಸಿಎಸ್‌ಎಸ್ 2:05. ಮೊದಲ 100 ಮೀಟರಿನ ಅವಸರ ತರಬೇತಿಯ ಪೇಸನ್ನೇ ಮೂರು ಸೆಕೆಂಡು ಹಿಂದಕ್ಕೆ ಎಳೆಯಿತು.

ಒಂದೊಂದು ಸೆಕೆಂಡಿನ ತಪ್ಪೂ ಅರ್ಧ ಸೆಕೆಂಡಾಗಿ ಪೇಸ್‌ಗೆ ಬರುತ್ತದೆ. ಎರಡೂ ತಪ್ಪು ಎದುರು ದಿಕ್ಕಿನಲ್ಲಿದ್ದರೆ ಕೂಡಿಕೊಳ್ಳುತ್ತವೆ. ಅದಕ್ಕೇ ನಾನು 200ರ ಬಗ್ಗೆ ಅಷ್ಟು ಒತ್ತಿ ಹೇಳುವುದು. 400 ಮುಗಿದರೆ ಪರೀಕ್ಷೆ ಮುಗಿದಂತೆ ಎಂದು ಎಲ್ಲರಿಗೂ ಅನಿಸುತ್ತದೆ. 200ನ್ನು ಔಪಚಾರಿಕವಾಗಿ ಈಜಿಬಿಡುತ್ತಾರೆ.

ಪತ್ತೆ ಹಚ್ಚುವುದು ಸುಲಭ. 200 ಮತ್ತು 400ರ ಸರಾಸರಿ ಪೇಸ್‌ಗಳ ನಡುವಿನ ಅಂತರ ನೋಡಿ. ನಾನು ನೋಡಿದ ಹವ್ಯಾಸಿ ಈಜುಗಾರರಲ್ಲಿ ಅದು ಬಹುತೇಕ 4ರಿಂದ 8 ಸೆಕೆಂಡಿನ ಒಳಗಿರುತ್ತದೆ. ಬರೀ ಒಂದೆರಡು ಸೆಕೆಂಡಿದ್ದರೆ 200 ಪೂರ್ತಿ ದಮ್ಮಿನಿಂದ ಆಗಿಲ್ಲ ಎಂದು ಅನುಮಾನಪಡಿ. ಹತ್ತಕ್ಕಿಂತ ಜಾಸ್ತಿ ಇದ್ದರೆ, 400ರಲ್ಲಿ ಮೊದಲೇ ಓಡಿ ಆಮೇಲೆ ಕುಸಿದಿದ್ದೀರಾ ಎಂದು ನೋಡಿ.

ನಾನು ಹೊಸಬ. 400 ಮೀಟರ್ ನಿಲ್ಲದೆ ಈಜಲು ಆಗುತ್ತದೆ, ಆದರೆ ಕೊನೆಗೆ ಸ್ಟ್ರೋಕ್ ಪೂರ್ತಿ ಕೆಡುತ್ತದೆ. ಪರೀಕ್ಷೆ ಮಾಡಲಾ?

ಈಗಲೇ ಬೇಡ. ನಿಮ್ಮ 400 ನಿಧಾನವಾಗುತ್ತಿರುವುದು ದಮ್ಮು ಸಾಲದೆ ಅಲ್ಲ, ಸೊಂಟ ಮುಳುಗಿ ನೀರಿನ ತಡೆ ಜಾಸ್ತಿಯಾಗಿ. ಪರೀಕ್ಷೆ ಅದನ್ನೇ ದಮ್ಮಿನ ಕೊರತೆ ಎಂದು ಓದುತ್ತದೆ. ಒಂದು ಲ್ಯಾಪ್‌ಗೆ ಎಷ್ಟು ಸ್ಟ್ರೋಕ್ ಎಂದು ಮೊದಲ 100ರಲ್ಲಿ ಮತ್ತು ಕೊನೆಯ 100ರಲ್ಲಿ ಎಣಿಸಿ. 25 ಮೀಟರಿಗೆ ಎರಡು ಮೂರು ಸ್ಟ್ರೋಕ್ ಏರಿದರೆ ಪರವಾಗಿಲ್ಲ. ಆರೇಳು ಏರಿದರೆ ಮೊದಲು ಸ್ಟ್ರೋಕ್ ಸರಿಮಾಡಿಕೊಳ್ಳಿ.

ಸೊಸೈಟಿಯ ಕೊಳ 18 ಮೀಟರ್ ಇದೆ. ಅಲ್ಲಿ ಮಾಡಬಹುದಾ?

ಮಾಡಬಹುದು. ಸರಿಯಾಗಿ 200, 400 ಆಗಲೇಬೇಕೆಂದಿಲ್ಲ, ದೂರ ನಿಖರವಾಗಿ ಗೊತ್ತಿದ್ದರೆ ಸಾಕು. 11 ಲ್ಯಾಪ್ ಅಂದರೆ 198 ಮೀಟರ್, 22 ಲ್ಯಾಪ್ ಅಂದರೆ 396. ಸಮಯದ ವ್ಯತ್ಯಾಸವನ್ನು 198ರಿಂದ ಭಾಗಿಸಿ 100ರಿಂದ ಗುಣಿಸಿ. 11 ಬೆಸ ಸಂಖ್ಯೆ, ಆದ್ದರಿಂದ ನೀವು ಎದುರು ದಂಡೆಯಲ್ಲಿ ಮುಗಿಸುತ್ತೀರಿ. ಸ್ಟಾಪ್‌ವಾಚ್ ಹಿಡಿದವರು ಅಲ್ಲಿರಬೇಕು. ಉದ್ದವನ್ನು ವಾಚ್‌ಮನ್ ಬಾಯಿಮಾತಿನ ಮೇಲೆ ನಂಬದೆ ಟೇಪ್ ಹಿಡಿದು ಅಳೆಯಿರಿ. ಕಿಡ್ನಿ ಆಕಾರದ ಕೊಳ ಬಿಟ್ಟುಬಿಡಿ.

25 ಮೀಟರ್ ಕೊಳದ ಸಂಖ್ಯೆ ಬಾಲೇವಾಡಿಯ 50 ಮೀಟರ್ ಕೊಳದಲ್ಲಿ ನಡೆಯುತ್ತಾ?

ಹಾಗೇ ನಡೆಯುವುದಿಲ್ಲ. 25 ಮೀಟರ್ ಕೊಳದಲ್ಲಿ 100 ಮೀಟರಿಗೆ ಮೂರು ಟರ್ನ್, 50ರಲ್ಲಿ ಒಂದೇ. ಪ್ರತಿ ಟರ್ನ್‌ನಲ್ಲೂ ಗೋಡೆ ಒದ್ದು ಈಜುವುದಕ್ಕಿಂತ ವೇಗವಾಗಿ ನಾಲ್ಕೈದು ಮೀಟರ್ ಜಾರುತ್ತೀರಿ, ಕೈಗೂ ಕ್ಷಣ ವಿಶ್ರಾಂತಿ. ಬಾಲೇವಾಡಿಗೆ ಹೋದಾಗ ನಮ್ಮವರಲ್ಲಿ ಹೆಚ್ಚಿನವರಿಗೆ 100 ಮೀಟರಿಗೆ 2ರಿಂದ 4 ಸೆಕೆಂಡು ಏರುತ್ತದೆ. ಗೋಡೆಯನ್ನು ಜೋರಾಗಿ ಒದೆಯುವವರಿಗೆ ಜಾಸ್ತಿ, ಟರ್ನ್ ಸರಿಯಾಗಿ ಬಾರದವರಿಗೆ ಕಡಿಮೆ. ಎರಡೂ ಕಡೆ ಈಜುವವರಾದರೆ ಎರಡೂ ಕಡೆ ಪರೀಕ್ಷೆ ಮಾಡಿ, ಎರಡು ಸಂಖ್ಯೆ ಇಟ್ಟುಕೊಳ್ಳಿ. 400 ಒಂದು ಕೊಳದಲ್ಲಿ, 200 ಇನ್ನೊಂದರಲ್ಲಿ ಮಾತ್ರ ಯಾವತ್ತೂ ಮಾಡಬೇಡಿ.

ಸಂಖ್ಯೆ ಸಿಕ್ಕಿತು. ಈಗ ಅಭ್ಯಾಸಕ್ಕೆ ಹೇಗೆ ಬಳಸುವುದು?

ಮೊದಲ ವಾರ ಒಂದೇ ಸೆಟ್ ಮಾಡಿ: 100 ಮೀಟರ್ ಹತ್ತು ಸಲ, ಪ್ರತಿಯೊಂದೂ ಸಿಎಸ್‌ಎಸ್ ಪೇಸ್‌ನಲ್ಲಿ. ಅಕ್ಕ 2:02ಕ್ಕೆ ಬಂದು, ಪ್ರತಿ 2:20ಕ್ಕೆ ಹೊರಡುತ್ತಾರೆ. ವಿಶ್ರಾಂತಿ 18 ಸೆಕೆಂಡು. ಈ ಸೆಟ್ ಅಭ್ಯಾಸವೂ ಹೌದು, ಪರೀಕ್ಷೆಯ ಪರೀಕ್ಷೆಯೂ ಹೌದು.

ಸಂಖ್ಯೆ ಸರಿಯಿದ್ದರೆ ಮೊದಲ ಮೂರು ತೀರಾ ಸುಲಭ ಅನಿಸುತ್ತವೆ. ಐದಾರರ ಹೊತ್ತಿಗೆ ಉಸಿರು ಭಾರವಾಗುತ್ತದೆ. ಒಂಬತ್ತು, ಹತ್ತು ಕಷ್ಟ, ಆದರೆ ಗಡಿಯಾರ ಇನ್ನೂ 2:02 ಅಥವಾ 2:03 ತೋರಿಸುತ್ತದೆ. ಆರನೆಯದರಿಂದಲೇ 2:05, 2:07 ಎಂದು ಜಾರತೊಡಗಿದರೆ ಪೇಸ್ ನಿಮಗೆ ವೇಗವಾಯಿತು, ಬಹುಶಃ 200 ಪೂರ್ತಿ ಈಜಿಲ್ಲ. ಹತ್ತನೆಯದನ್ನು ಮಾತಾಡುತ್ತಾ ಮುಗಿಸಿ 1:58ಕ್ಕೆ ಬರಬಲ್ಲಿರಾದರೆ ಪೇಸ್ ನಿಧಾನವಾಯಿತು. ಎರಡು ಸೆಕೆಂಡು ಆಚೀಚೆ ಮಾಡಿ ಮುಂದಿನ ವಾರ ಮತ್ತೆ ನೋಡಿ. ಪರೀಕ್ಷೆ ಒಂದು ಹೇಳಿ ಸೆಟ್ ಇನ್ನೊಂದು ಹೇಳಿದರೆ ನಾನು ಸೆಟ್‌ನ ಮಾತು ನಂಬುತ್ತೇನೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮೊದಲ ಎರಡನ್ನು ಪೇಸ್‌ಗಿಂತ ವೇಗವಾಗಿ ಈಜುವುದು. 1:54ಕ್ಕೆ ಬಂದು ಖುಷಿಪಡುತ್ತಾರೆ, ಆದರೆ ಉಳಿತಾಯ ಅಲ್ಲೇ ಕರಗಿರುತ್ತದೆ. ಟೋಪಿಯೊಳಗೆ ಇಟ್ಟುಕೊಳ್ಳುವ ಚಿಕ್ಕ ಬೀಪರ್ ಇದ್ದರೆ ಈ ಅಭ್ಯಾಸ ಬೇಗ ಬಿಡುತ್ತದೆ. 2:02ಕ್ಕೆ 25 ಮೀಟರಿಗೊಮ್ಮೆ 30.5 ಸೆಕೆಂಡಿಗೆ ಬೀಪ್ ಇಡಿ. ಬೀಪ್ ಮತ್ತು ಗೋಡೆ ಒಟ್ಟಿಗೆ ಬರಬೇಕು.

ಹತ್ತು ನೂರು ಗಟ್ಟಿಯಾದ ಮೇಲೆ 200 ಮೀಟರ್ ಐದು ಸಲ ಮಾಡಿ, ಸಿಎಸ್‌ಎಸ್‌ಗಿಂತ 100ಕ್ಕೆ ಎರಡು ಸೆಕೆಂಡು ನಿಧಾನ. ಅಕ್ಕನಿಗೆ ಅದು 4:08, ನಡುವೆ 25 ಸೆಕೆಂಡು ವಿಶ್ರಾಂತಿ. ನಿಲ್ಲದೆ ಉದ್ದ ಈಜುವ ದಿನ 2:08ರಿಂದ 2:12. ವಾರಕ್ಕೆ ಮೂರು ದಿನ ಈಜುವವರಿಗೆ ಸಿಎಸ್‌ಎಸ್ ಸೆಟ್ ಒಂದು ದಿನ ಸಾಕು, ಹೆಚ್ಚೆಂದರೆ ಎರಡು.

ಸಿಎಸ್‌ಎಸ್ ಪೇಸ್‌ನಲ್ಲಿ ಒಂದು ಗಂಟೆ ಈಜಬಹುದು ಅಂತಾರೆ. ನಿಜಾನಾ?

200 ಮತ್ತು 400ರಿಂದ ತೆಗೆದ ಸಂಖ್ಯೆಯಲ್ಲಿ ಹೆಚ್ಚಿನವರಿಗೆ ಆಗುವುದಿಲ್ಲ. ರಕ್ತದಲ್ಲಿ ಲ್ಯಾಕ್ಟೇಟ್ ಏರದೆ ಸಮನಾಗಿ ನಿಲ್ಲುವ ಗರಿಷ್ಠ ವೇಗದ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಸಿಎಸ್‌ಎಸ್ ಅದಕ್ಕಿಂತ ಸ್ವಲ್ಪ ಮೇಲೆ ಬಂದಿದೆ. ಎರಡೂ ಈಜು ಚಿಕ್ಕವು ಎಂಬುದು ಒಂದು ಕಾರಣ. 800 ಅಥವಾ 1500ನ್ನೂ ಸೇರಿಸಿ ಲೆಕ್ಕ ಹಾಕಿದರೆ ಸಂಖ್ಯೆ ಸಾಮಾನ್ಯವಾಗಿ ಇನ್ನಷ್ಟು ನಿಧಾನವಾಗುತ್ತದೆ. ಆದ್ದರಿಂದಲೇ ಸೆಟ್‌ನಲ್ಲಿ ತುಂಡು ತುಂಡಾಗಿ, ನಡುವೆ ಸ್ವಲ್ಪ ವಿಶ್ರಾಂತಿ ಕೊಟ್ಟು ಈಜುವುದು.

ಎಷ್ಟು ದಿನಕ್ಕೊಮ್ಮೆ ಪರೀಕ್ಷೆ?

ಆರರಿಂದ ಎಂಟು ವಾರಕ್ಕೊಮ್ಮೆ. ಒಂದು ಸೆಕೆಂಡು ಸುಧಾರಿಸಿತು ಅಥವಾ ಕೆಟ್ಟಿತು ಎಂದು ತಲೆ ಕೆಡಿಸಿಕೊಳ್ಳಬೇಡಿ, ಅಷ್ಟು ಏರುಪೇರು ಅಳತೆಯಲ್ಲೇ ಇದೆ. ಎರಡು ಮೂರು ಸೆಕೆಂಡು ಬದಲಾಗಿ, ಸೆಟ್ ಕೂಡ ಅದನ್ನೇ ಹೇಳಿದರೆ ಪೇಸ್ ಬದಲಿಸಿ. ಪೇಸ್ ಬದಲಾದಾಗ ಯಾವ ಸಮಯ ಬದಲಾಯಿತು ಎಂದೂ ನೋಡಿ. 200 ಹಾಗೇ ಇದ್ದು 400 ಬೇಗವಾಗಿದ್ದರೆ ನಿಜವಾದ ಸುಧಾರಣೆ. 400 ಹಾಗೇ ಇದ್ದು 200 ನಿಧಾನವಾಗಿದ್ದರೂ ಸಿಎಸ್‌ಎಸ್ ಸುಧಾರಿಸಿದಂತೆ ಕಾಣುತ್ತದೆ. ಅದು ವೇಗ ಕಳೆದುಕೊಂಡ ಗುರುತು, ಅಷ್ಟೇ.

ಗೋವಾದ ಸಮುದ್ರದಲ್ಲಿ ಇದೇ ಪೇಸ್ ಹಿಡಿಯಬಹುದಾ?

ಮಿರಾಮಾರ್ ಬೀಚ್‌ನ 1.9 ಕಿಲೋಮೀಟರ್ ಈಜಿಗೆ ತಯಾರಾಗುವವರೆಲ್ಲ ಇದನ್ನು ಕೇಳುತ್ತಾರೆ. ಕೊಳದ ಸಿಎಸ್‌ಎಸ್‌ನಿಂದ ಒಂದು ಅಂದಾಜು ಸಿಗುತ್ತದೆ. ಅಕ್ಕ ದೂರದ ಈಜಿಗೆ 100ಕ್ಕೆ ಐದು ಸೆಕೆಂಡು ಬಿಟ್ಟುಕೊಟ್ಟರೆ 2:07. ಅದನ್ನು 19ರಿಂದ ಗುಣಿಸಿದರೆ 40 ನಿಮಿಷ ಚಿಲ್ಲರೆ. ಆದರೆ ಇದು ಪ್ರತಿ 25 ಮೀಟರಿಗೂ ಗೋಡೆ ಒದ್ದ ಲೆಕ್ಕ. ಸಮುದ್ರದಲ್ಲಿ ಗೋಡೆ ಇಲ್ಲ, ಅದಕ್ಕೆ 50 ಮೀಟರ್ ಕೊಳದ ಸಂಖ್ಯೆಯಿಂದ ಶುರು ಮಾಡುವುದು ಒಳ್ಳೆಯದು. ಉಪ್ಪುನೀರು ಮೈಯನ್ನು ತುಸು ಮೇಲೆತ್ತುತ್ತದೆ, ಅದು ಲಾಭ. ತಲೆಯೆತ್ತಿ ದಾರಿ ತೋರಿಸುವ ತೇಲುಗುರುತು ನೋಡುವುದು, ಅಲೆ, ಸೊಟ್ಟಗೆ ಹೋಗುವುದು, ಇವು ನಷ್ಟ. ನೇರ 1900 ಮೀಟರ್ ಈಜುವವರು ಕಡಿಮೆ. 2000 ಈಜಿದರೂ ಆಶ್ಚರ್ಯವಿಲ್ಲ.

ಅಲ್ಲಿ ಗಡಿಯಾರ ನೋಡಿ ಪೇಸ್ ಹಿಡಿಯಲು ಹೋಗಬೇಡಿ. ಪ್ರವಾಹ ಜೊತೆಗಿದ್ದರೆ 1:55 ಕಾಣಬಹುದು, ಎದುರಾದರೆ 2:20. ಕೊಳದಲ್ಲಿ 2:08ಕ್ಕೆ ಉದ್ದ ಈಜುವಾಗ ಉಸಿರು ಹೇಗಿರುತ್ತದೆ, ನಿಮಿಷಕ್ಕೆ ಎಷ್ಟು ಸ್ಟ್ರೋಕ್ ಆಗುತ್ತದೆ ಎಂದು ಗಮನಿಸಿಟ್ಟುಕೊಳ್ಳಿ. ಸಮುದ್ರದಲ್ಲಿ ಅದೇ ಉಸಿರು ಹಿಡಿಯಿರಿ. ಮೊದಲ 200 ಮೀಟರಿನ ನೂಕುನುಗ್ಗಲಿನಲ್ಲಿ ಅಕ್ಕನ 23 ಮೀಟರಿನಷ್ಟು ಉಳಿತಾಯ ಖಾಲಿಯಾಗುವುದು ತುಂಬಾ ಸುಲಭ. ಅದಾದ ಮೇಲೆ ಮರಳಿ ತುಂಬಲು ಸಿಎಸ್‌ಎಸ್‌ಗಿಂತ ನಿಧಾನ ಈಜುವುದು ಬಿಟ್ಟು ಬೇರೆ ದಾರಿ ಇಲ್ಲ.

ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮಾಡಬಹುದಾ? ಫಿನ್ಸ್, ಪುಲ್ ಬಾಯ್ ಹಾಕಿಕೊಂಡು?

ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಮಾಡಬಹುದು, ಎರಡೂ ದೂರ ಅದರಲ್ಲೇ ಆಗಬೇಕು, ಬಂದ ಸಂಖ್ಯೆ ಅದಕ್ಕೆ ಮಾತ್ರ. ಫಿನ್ಸ್, ಪುಲ್ ಬಾಯ್ ಬೇಡ. ಪುಲ್ ಬಾಯ್ ಹಾಕಿದಾಗ 100 ಮೀಟರಿಗೆ ಐದಾರು ಸೆಕೆಂಡು ಬೇಗ ಬರುತ್ತೀರಾದರೆ ಪೇಸ್ ಬದಲಿಸುವ ಬದಲು ಕೋಚ್‌ಗೆ ಹೇಳಿ ಕಾಲಿನ ಒದೆತ ನೋಡಿಸಿಕೊಳ್ಳಿ.